ಎರಡು ಶಾಲೆಗೆ ಒಂದೇ ಸೀಟಿ

ಭದ್ರಾವತಿಯಲ್ಲಿ ನಾನು ದೈಹಿಕ ಶಿಕ್ಷಕಿಯಾಗಿರುವ ಹುಡುಗಿಯರ ಶಾಲೆಗೆ ಸ್ವಂತ ಮೈದಾನವಿಲ್ಲ. ಪಕ್ಕದ ಹುಡುಗರ ಶಾಲೆಯ ಜೊತೆ ಹಂಚಿಕೊಳ್ಳಬೇಕು. ಆ ಕಡೆಯ ಪಿ.ಟಿ. ಮೇಷ್ಟ್ರು ನನಗಿಂತ ತುಂಬ ಹಿರಿಯರು. ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲೇ ಹುಟ್ಟಿ ಬೆಳೆದವರು, ಹುಡುಗರಿಗೆ ಕಬಡ್ಡಿ ಕಲಿಸುವವರು. ನಾನು ದಿನವೂ ಶಿವಮೊಗ್ಗದ ವಿನೋಬನಗರದಿಂದ ಬಸ್ಸಿನಲ್ಲಿ ಬರುವವಳು. ವರ್ಗವಾಗಿ ಬಂದ ಹೊಸದರಲ್ಲಿ ಅವರು ನನ್ನನ್ನು ನೆಂಟರ ಮನೆಯ ಮಗುವಿನ ಹಾಗೆ ನೋಡುತ್ತಿದ್ದರು. ನನಗೆ ಅದು ಮೈಯುರಿ ತರಿಸುತ್ತಿತ್ತು.

ಆದರೆ ನನ್ನ ಕ್ಲಾಸ್ ಮಾತ್ರ ಯಾರ ಮುಂದೆ ಬೇಕಾದರೂ ನಿಲ್ಲುವಂಥದ್ದು. ಆಟದ ಪೀರಿಯಡ್ ಅಂದರೆ ನಲವತ್ತು ನಿಮಿಷ. ಸಾಮಾನು ಕೊಡುವುದರಲ್ಲೇ ಕಾಲು ಭಾಗ ಕಳೆದರೆ ಆಡುವುದು ಯಾವಾಗ? ಸಾಮಾನು ಕೋಣೆಯ ಬಾಗಿಲಲ್ಲಿ ನಲವತ್ತು ಕೈ ಚಾಚಿಕೊಂಡು ನಿಲ್ಲುವ ಗಲಾಟೆಯನ್ನು ನಾನು ಮೊದಲ ತಿಂಗಳಲ್ಲೇ ನಿಲ್ಲಿಸಿದೆ. ಪ್ರತಿ ಸಾಲಿಗೊಬ್ಬಳು ಮುಖಂಡೆ, ಪ್ರತಿ ಸಾಲಿಗೊಂದು ಚೀಲ. ಪ್ರಾರ್ಥನೆಗೆ ಮುಂಚೆಯೇ ಚೀಲಗಳು ತುಂಬಿ ಮೈದಾನದ ಅಂಚಿನಲ್ಲಿ ಕೂತಿರಬೇಕು. ಒಂದು ಆಟ ನಡೆಯುತ್ತಿರುವಾಗಲೇ ಮುಂದಿನ ಆಟದ ಗೆರೆ ಎಳೆದು ಮುಗಿದಿರಬೇಕು. ಸೀಟಿಯ ಭಾಷೆಯೂ ಸರಳ. ಒಂದು ಚಿಕ್ಕದು ಊದಿದರೆ ಇದ್ದಲ್ಲೇ ನಿಲ್ಲಬೇಕು, ಕೈಯಲ್ಲಿದ್ದದ್ದು ನೆಲಕ್ಕೆ. ಎರಡು ಚಿಕ್ಕದು ಅಂದರೆ ಸಾಮಾನು ಆರಿಸಿಕೊಂಡು ಮುಂದಿನ ಜಾಗಕ್ಕೆ. ಉದ್ದಕ್ಕೆ ಊದಿದರೆ ಸಾಲಿಗೆ ಬರಬೇಕು. ಹುಡುಗಿಯರು ಎಷ್ಟು ಪಳಗಿದ್ದರೆಂದರೆ ಸೀಟಿ ಕೇಳಿದ ಮೇಲೆ ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ನನಗೆ ಅದು ಹೆಮ್ಮೆ.

ಆ ಹೆಮ್ಮೆಯೇ ಒಂದು ಬೆಳಿಗ್ಗೆ ಗುಂಡಿನ ರೂಪದಲ್ಲಿ ನೆಲಕ್ಕೆ ಬಿತ್ತು. ವಲಯ ಮಟ್ಟದ ಕ್ರೀಡಾಕೂಟ ಹತ್ತಿರವಿದ್ದುದರಿಂದ ಎರಡೂ ಶಾಲೆಯವರು ಮೊದಲ ಸಲ ಒಂದೇ ಹೊತ್ತಿಗೆ ಮೈದಾನಕ್ಕೆ ಇಳಿದಿದ್ದರು. ಎಂಟನೆಯ ತರಗತಿಯವರು ಸುಣ್ಣದ ಗೆರೆಯ ಹಿಂದೆ ಅಗಲಕ್ಕೆ ನಿಂತು, ಎಡಗಡೆಯಿಂದ ಒಬ್ಬೊಬ್ಬರಾಗಿ ಗುಂಡು ಎಸೆಯುತ್ತಿದ್ದರು. ಎಲ್ಲರೂ ಎಸೆದು ಮುಗಿಸಿದ ಮೇಲೆ ನಾನು ಎರಡು ಸಲ ಊದಬೇಕು, ಆಮೇಲೆ ಹೋಗಿ ಎತ್ತಿಕೊಂಡು ಬರಬೇಕು. ಬಲಗಡೆಯ ಕೊನೆಯವಳು ಇನ್ನೂ ಗುಂಡನ್ನು ಕತ್ತಿಗೆ ಒತ್ತಿಕೊಂಡು ನಿಂತಿದ್ದಳು. ಆ ಹೊತ್ತಿಗೆ ಆಚೆ ತುದಿಯಲ್ಲಿ ಮೇಷ್ಟ್ರು ಎರಡು ಸಲ ಊದಿದರು. ಅವರ ಲೆಕ್ಕದಲ್ಲಿ ಅದಕ್ಕೆ ಕಬಡ್ಡಿ ಅಂಕಣದ ಪಕ್ಕ ಬದಲಿಸಿ ಎಂದು ಅರ್ಥ. ನನ್ನ ಎಡಗಡೆಯ ಹುಡುಗಿಯರು ಹಿಂದೆ ಮುಂದೆ ನೋಡದೆ ಗುಂಡು ತರಲು ನಡೆದುಬಿಟ್ಟರು. ಕೊನೆಯವಳ ಕೈ ಅಷ್ಟರಲ್ಲಿ ಮುಂದಕ್ಕೆ ಹೋಗಿತ್ತು. ನನ್ನ ಸೀಟಿ ತುಟಿಗೆ ಬರುವ ಮೊದಲೇ ಗುಂಡು ಒಬ್ಬಳ ಕಾಲಿನ ಪಕ್ಕದಲ್ಲಿ ಮಣ್ಣಿಗೆ ಹೂತುಕೊಂಡಿತು.

ಯಾರಿಗೂ ಏನೂ ಆಗಲಿಲ್ಲ. ಎಸೆದ ಹುಡುಗಿ ನಮ್ಮ ಶಾಲೆಯಲ್ಲೇ ಎಲ್ಲರಿಗಿಂತ ದೂರ ಎಸೆಯುವವಳು. ಅವಳು ಅಲ್ಲೇ ಕುಸಿದು ಕೂತು ಅತ್ತಳು. ಮಾರನೆಯ ದಿನದಿಂದ ಅವಳ ಗುಂಡು ಪಾದದ ಮುಂದೆಯೇ ಬೀಳತೊಡಗಿತು. ಕೈ ಎತ್ತುವುದು, ಎದುರಿಗೆ ನೋಡುವುದು, ನನ್ನ ಕಡೆ ತಿರುಗುವುದು, ಮತ್ತೆ ಎದುರಿಗೆ ನೋಡುವುದು. ಅಷ್ಟರಲ್ಲಿ ತೋಳಿನ ಶಕ್ತಿಯೇ ಸೋರಿಹೋಗುತ್ತಿತ್ತು.

ಮುಖ್ಯೋಪಾಧ್ಯಾಯಿನಿ ನನ್ನನ್ನು ಕೋಣೆಗೆ ಕರೆಸಿದರು.

"ಗುಂಡು ಎಸೆತ ಬೇಡ ಬಿಡಿ. ಓಟ ಇದೆ, ಖೋ ಖೋ ಇದೆ. ನಾಳೆ ಏನಾದ್ರೂ ಆದ್ರೆ ಪೇರೆಂಟ್ಸ್‌ಗೆ ನಾನೇನು ಹೇಳ್ಲಿ?"

"ಒಂದು ವಾರ ಟೈಮ್ ಕೊಡಿ ಮೇಡಂ."

"ಮುಂದಿನ ಗುರುವಾರ ನಾನೇ ಬಂದು ನೋಡ್ತೀನಿ. ಆಮೇಲೆ ಹೇಳ್ತೀನಿ."

ಸೀದಾ ಮೇಷ್ಟ್ರ ಹತ್ತಿರ ಹೋದೆ. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿ ಮಾಡಿಕೊಂಡಿದ್ದೆ, ಅದರಲ್ಲಿ ಮರ್ಯಾದೆ ಸ್ವಲ್ಪ ಕಡಿಮೆಯೇ ಇತ್ತು. ಅವರು ಗೋಡೆಗೆ ಒರಗಿ ಟೀ ಕುಡಿಯುತ್ತಿದ್ದರು.

"ಸರ್, ನಿಮ್ಮ ವಿಷಲ್ ಬದಲಾಯಿಸ್ಬೇಕು."

"ನಂದು ಮೊದ್ಲಿಂದ ಇದೇ ಅಲ್ವೇನಮ್ಮ. ನೀವು ಮೊನ್ನೆ ಬಂದೋರು."

"ನನ್ನ ಮಕ್ಕಳ ಕಾಲು ಮುರಿದ್ರೆ ಯಾರು ಮೊದ್ಲು ಬಂದಿದ್ದು ಅಂತ ಯಾರೂ ಕೇಳಲ್ಲ ಸರ್."

ಅವರು ಲೋಟವನ್ನು ಗೋಡೆಯ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ನಾನೂ ನೋಡ್ದೆ ಅವತ್ತು," ಅಂದರು. "ರಾತ್ರಿ ಊಟ ಸೇರ್ಲಿಲ್ಲ. ಆದ್ರೆ ಒಂದು ಮಾತು. ನಿಮ್ಮ ಮಕ್ಕಳು ಊದಿದ್ದು ಯಾರು ಅಂತ ನೋಡಲ್ಲ, ನನ್ನ ಹುಡುಗ್ರೂ ನೋಡಲ್ಲ, ಯಾವ ವಿಷಲ್ ಕೇಳಿದ್ರೂ ಓಡ್ತಾರೆ. ನಾನು ವಿಷಲ್ ಬದಲಾಯಿಸಿದ್ರೂ ಅಷ್ಟೇ, ನೀವು ಬದಲಾಯಿಸಿದ್ರೂ ಅಷ್ಟೇ."

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಕೋಪ ಇಳಿಯುವುದಕ್ಕೆ ಇಷ್ಟವಿಲ್ಲದಿದ್ದರೂ ಇಳಿಯಿತು.

ಅಲ್ಲೇ ನಿಂತು ಹೊಸ ಕಟ್ಟಳೆ ಮಾಡಿಕೊಂಡೆವು. ಎರಡು ಸಲ ಊದುವುದನ್ನು ಇಬ್ಬರೂ ಬಿಡಬೇಕು. ಒಂದು ಚಿಕ್ಕ ಸೀಟಿ ಇಡೀ ಮೈದಾನದ್ದು. ಯಾರೇ ಊದಲಿ, ಎರಡೂ ಶಾಲೆಯವರು ಇದ್ದಲ್ಲೇ ನಿಲ್ಲಬೇಕು. ಮತ್ತೆ ಶುರುವಾಗಬೇಕಾದರೆ ಇಬ್ಬರೂ ಕೈ ಎತ್ತಿರಬೇಕು, ಆಮೇಲೆ ನಿಲ್ಲಿಸಿದವರು ಉದ್ದಕ್ಕೆ ಊದಬೇಕು. ಸಾಲಿಗೆ ಕರೆಯುವುದು, ಜಾಗ ಬದಲಿಸುವುದು ಮುಖಂಡರ ಮೂಲಕ ಕೈಸನ್ನೆಯಲ್ಲಿ. ಗುಂಡು ತರುವುದಕ್ಕೆ ಸೀಟಿಯೇ ಇಲ್ಲ. ನಾನು ಬಿಳಿ ಬಾವುಟ ಎತ್ತಿದರೆ ಮಾತ್ರ ಗೆರೆ ದಾಟಬೇಕು, ಕೆಂಪು ಇದ್ದಷ್ಟು ಹೊತ್ತು ಯಾರೂ ದಾಟಬಾರದು.

ಮೊದಲ ದಿನಗಳು ತಮಾಷೆಯಾಗಿದ್ದವು. ನಾನು ರಿಂಗ್ ಆಟ ನಿಲ್ಲಿಸಲು ಊದಿದರೆ ಅತ್ತ ಕಬಡ್ಡಿಯಲ್ಲಿ ರೈಡ್‌ಗೆ ಹೋದವನು ಒಂದು ಕಾಲು ಎತ್ತಿಕೊಂಡೇ ನಿಂತಿರುತ್ತಿದ್ದ. ಹಿಡಿಯುವವರು ಅವನನ್ನು ಹಿಡಿಯುವ ಹಾಗಿಲ್ಲ, ಅವನು ಓಡುವ ಹಾಗಿಲ್ಲ. "ಮೇಡಂ, ಸ್ವಲ್ಪ ಕಡಿಮೆ ಊದಿ ಮಾರಾಯ್ತಿ," ಎಂದು ಮೇಷ್ಟ್ರು ಅಲ್ಲಿಂದಲೇ ಕೂಗುತ್ತಿದ್ದರು. ಹೀಗಾಗಿ ನಾನು ಸೀಟಿಯನ್ನು ನಿಜವಾಗಿ ಬೇಕಾದಾಗ ಮಾತ್ರ ಊದುವುದನ್ನು ಕಲಿತೆ. ಕೈಸನ್ನೆಯಲ್ಲೇ ಕ್ಲಾಸ್ ಇನ್ನೂ ಬೇಗ ಸಾಗುತ್ತಿತ್ತು, ಯಾಕೆಂದರೆ ಈಗ ಹುಡುಗಿಯರು ನನ್ನ ಕಡೆ ನೋಡಲೇಬೇಕಿತ್ತು.

ಅವತ್ತು ಗುಂಡು ಎಸೆದಿದ್ದ ಆ ಹುಡುಗಿ ಮಾತ್ರ ಸರಿಹೋಗಲಿಲ್ಲ. ಕೆಂಪು ಬಾವುಟ ಕಣ್ಣೆದುರಿಗೇ ಇದ್ದರೂ ಎಸೆಯುವ ಮುಂಚೆ ನನ್ನ ಕಡೆ ತಿರುಗುತ್ತಿದ್ದಳು. ಬುಧವಾರವೂ ಹಾಗೆಯೇ ಆಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳ ಹೆಸರನ್ನು ಪಟ್ಟಿಯಿಂದ ತೆಗೆಯುವುದೇ ಅವಳಿಗೆ ಒಳ್ಳೆಯದೇನೋ ಅನ್ನಿಸಿ ಸಂಕಟವಾಯಿತು.

ಗುರುವಾರ ಮುಖ್ಯೋಪಾಧ್ಯಾಯಿನಿ ಗೋಡೆಯ ನೆರಳಲ್ಲಿ ಬಂದು ನಿಂತರು. ಚೀಲಗಳು ಬಂದವು, ಹಂಚಿಕೆ ಮುಗಿಯಿತು, ಗೆರೆಯ ಹಿಂದೆ ಎಲ್ಲರೂ ನಿಂತರು. ಎಡಗಡೆಯಿಂದ ಎಸೆತ ಸಾಗಿ ಕೊನೆಗೆ ಆ ಹುಡುಗಿಯ ಸರದಿ ಬಂತು. ಅವಳು ಗುಂಡನ್ನು ಕತ್ತಿಗೆ ಒತ್ತಿ ಮೊಣಕಾಲು ಬಗ್ಗಿಸಿದಳು. ಅದೇ ಹೊತ್ತಿಗೆ ಹಿಂದಿನ ಬೀದಿಯವನೊಬ್ಬ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಸ್ಕೂಟರಿನಲ್ಲಿ ಹತ್ತಿರದ ದಾರಿಯೆಂದು ಮೈದಾನಕ್ಕೇ ನುಗ್ಗಿದ. ನನ್ನ ಬೆನ್ನು ಆ ಕಡೆಗಿತ್ತು, ನಾನು ನೋಡಲಿಲ್ಲ. ಮೇಷ್ಟ್ರು ನೋಡಿದರು.

ಒಂದು ಚಿಕ್ಕ ಸೀಟಿ.

ಎರಡೂ ಶಾಲೆ ನಿಂತಿತು. ಸ್ಕೂಟರಿನವನೂ ಹೆದರಿ ಕಾಲು ಊರಿ ನಿಂತ. ನನ್ನ ಹುಡುಗಿ ಬಗ್ಗಿಸಿದ ಮೊಣಕಾಲನ್ನು ನೇರ ಮಾಡಿ, ಗುಂಡನ್ನು ಎರಡು ಕೈಯಲ್ಲಿ ಹಿಡಿದು ಪಾದಗಳ ನಡುವೆ ಇಟ್ಟಳು. ಊದಿದ್ದು ನಾನಲ್ಲ, ಆದರೂ ನಿಂತಳು. ಮೇಷ್ಟ್ರು ಸ್ಕೂಟರನ್ನು ಬಂದ ದಾರಿಗೇ ವಾಪಸ್ ಕಳಿಸಿ ಕೈ ಎತ್ತಿದರು. ನಾನು ಸುತ್ತ ನೋಡಿ ಕೈ ಎತ್ತಿದೆ. ಅವರು ಉದ್ದಕ್ಕೆ ಊದಿದರು.

ಅವಳು ಗುಂಡು ಎತ್ತಿಕೊಂಡಳು, ನನ್ನ ಕಡೆ ತಿರುಗಲಿಲ್ಲ. ಮೊದಲಿನ ಹಾಗೆಯೇ ಪೂರ್ತಿ ತೋಳು ಚಾಚಿ ಎಸೆದಳು. ಗುಂಡು ಉಳಿದೆಲ್ಲ ಗುಂಡುಗಳನ್ನು ದಾಟಿ ಬಿತ್ತು.

ಮುಖ್ಯೋಪಾಧ್ಯಾಯಿನಿ ಹೊರಡುತ್ತಾ, "ಹೆಸರು ಕಳಿಸಿ," ಎಂದಷ್ಟೇ ಹೇಳಿದರು. ನಾನು ಬಿಳಿ ಬಾವುಟ ಎತ್ತಿದೆ. ಗುಂಡು ಹೊತ್ತು ವಾಪಸ್ ಬರುತ್ತಿದ್ದ ಹುಡುಗಿಯನ್ನು, "ಇವತ್ತು ಯಾಕೆ ನನ್ನ ಕಡೆ ನೋಡ್ಲಿಲ್ಲ?" ಎಂದು ಕೇಳಿದೆ.

"ನೀವೂ ಮೇಷ್ಟ್ರೂ ಇಬ್ರೂ ನೋಡ್ತಾ ಇದ್ರಲ್ಲ ಮಿಸ್," ಅಂದಳು.