ಡ್ರಮ್ಮಿನಾಚೆ ನಿಂತ ಚಳ್ಳಕೆರೆ

ಚಳ್ಳಕೆರೆಯಲ್ಲಿ ತನಗೆ ತಿಳಿಯದ ಸುದ್ದಿ ಇನ್ನೂ ಹುಟ್ಟಿಲ್ಲ ಎಂದು ಬಸ್ ಏಜೆಂಟ್ ಬೋರಣ್ಣ ಹೇಳುತ್ತಿದ್ದ. ಹುಟ್ಟುವುದಾದರೆ ಮೊದಲು ತನ್ನ ಅಪ್ಪಣೆ ಕೇಳುತ್ತದೆ ಎಂದೂ ಸೇರಿಸುತ್ತಿದ್ದ. ನಂಬದಿರಲು ಕಾರಣವಿರಲಿಲ್ಲ. ಅವನು ನಿಲ್ದಾಣದಲ್ಲಿ ನಿಂತು "ನಾಯಕನಹಟ್ಟೀ... ಬಿ.ಜಿ. ಕೆರೇ... ಮೊಳಕಾಲ್ಮೂರೂ..." ಎಂದು ಕೂಗಿದರೆ ಮೊಳಕಾಲ್ಮೂರಿನಾಚೆಯ ಬ್ರಹ್ಮಗಿರಿ ಬೆಟ್ಟದ ಬಂಡೆಗಳ ಮೇಲೆ ಮಲಗಿದ್ದ ಮೇಕೆಗಳು ಎದ್ದು ಟಿಕೆಟ್ ಕೇಳುತ್ತಿದ್ದವು. ಊರುಗಳ ಹೆಸರಿನ ನಡುನಡುವೆ, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೆ ಎಂಬುದೂ ಒಂದು ಸ್ಟಾಪಿನ ಹಾಗೆ ಬಂದು ಹೋಗುತ್ತಿತ್ತು.

ಇಂಥ ಊರಿನಲ್ಲಿ ದುರುಗಕ್ಕ ಬಾಯಿ ಬಿಗಿಹಿಡಿದು ಸಂಬಳ ತೆಗೆದುಕೊಳ್ಳುತ್ತಿದ್ದಳು. ಬಿ.ಜಿ. ಕೆರೆಯಲ್ಲಿ ಹುಟ್ಟಿ, ಹತ್ತನೇ ಕ್ಲಾಸು ಮುಗಿಸಿ, ಚಳ್ಳಕೆರೆಗೆ ಸೊಸೆಯಾಗಿ ಬಂದವಳು. ತೊಂಬತ್ತರ ದಶಕದಲ್ಲಿ ಎಣ್ಣೆ ಮಿಲ್ಲುಗಳ ಹಿಂದೆ ಮಹಿಳಾ ಸಮಾಜದವರು ಒಂದು ಶಿಶುವಿಹಾರ ನಡೆಸುತ್ತಿದ್ದರು. ಅಲ್ಲಿ ಅವಳು ಟೀಚರ್, ಅಡುಗೆಗೆ ಆಯಾ ಯರ್ರಮ್ಮ. ಮಿಲ್ಲಿನಲ್ಲಿ ಕಡಲೆಕಾಯಿ ಬೀಜ ಆರಿಸುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಸಂಜೆ ಬಂದು ಒಯ್ಯುತ್ತಿದ್ದರು.

ಬಾಗಿಲ ಮುಂದೆ ಒಂದು ನೀಲಿ ನೀರಿನ ಡ್ರಮ್ಮಿತ್ತು. ಸಂಜೆ ತಾಯಂದಿರೆಲ್ಲ ಅದರ ಆಚೆ ನಿಲ್ಲಬೇಕು, ಕರೆದವರೊಬ್ಬರು ಈಚೆ ಬರಬೇಕು. ಅವರ ಕೂಸು ಉಂಡಿತೋ, ಅತ್ತಿತೋ, ಚಡ್ಡಿ ಒದ್ದೆ ಮಾಡಿತೋ, ಅದನ್ನು ಅವರ ಕಿವಿಗೆ ಮಾತ್ರ ಹೇಳುವುದು. ಒಂದು ಮಗುವಿನ ಭೇದಿಯ ವಿಷಯ ಇನ್ನೊಂದು ಮಗುವಿನ ತಾಯಿಗೆ ತಿಳಿಯದ ಜಾಗ ಇಡೀ ತಾಲ್ಲೂಕಿನಲ್ಲಿ ಅದೊಂದೇ ಇತ್ತು. ಬೋರಣ್ಣನಿಗೆ ಆ ಡ್ರಮ್ಮನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಯರ್ರಮ್ಮ ಅನ್ನ ಬಸಿಯಲು ಒಳಗೆ ಹೋಗಿದ್ದಳು. ದುರುಗಕ್ಕ ಬೆನ್ನು ತಿರುಗಿಸಿ ಒಂದು ಪುಟ್ಟ ಕೂಸಿನ ಬಟ್ಟೆ ಬದಲಿಸುತ್ತಿದ್ದಳು. ಅಷ್ಟರಲ್ಲಿ ಚಕ್ರ ಕಿತ್ತುಹೋದ ತಗಡಿನ ಬಸ್ಸಿಗಾಗಿ ಎರಡು ಮಕ್ಕಳ ನಡುವೆ ಯುದ್ಧವಾಗಿ, ಬೋರಣ್ಣನ ಮಗಳು ದಿವ್ಯಾಳ ಮುಂಗೈಗೆ ಹಲ್ಲು ಬಿತ್ತು. ಚರ್ಮ ಸ್ವಲ್ಪ ಕಿತ್ತಿತ್ತು.

ದುರುಗಕ್ಕ ಗಾಯವನ್ನು ಸೋಪು ಹಚ್ಚಿ ಸುರಿಯುವ ನೀರಿನಲ್ಲಿ ತೊಳೆದಳು. ಮಿಲ್ಲಿಗೆ ಹೇಳಿಕಳಿಸಿ ತಾಯಿ ಗೀತಮ್ಮನನ್ನು ಕರೆಸಿಕೊಂಡು, ಇಬ್ಬರೂ ಮಗುವನ್ನು ಆಸ್ಪತ್ರೆಗೆ ಒಯ್ದರು. ಚುಚ್ಚುಮದ್ದುಗಳೆಲ್ಲ ಆಗಿವೆಯೇ ಎಂದು ಕೇಳಿ, ಗಾಯ ನೋಡಿ, ಡಾಕ್ಟರು ಮುಲಾಮು ಕೊಟ್ಟರು. ಕೆಂಪಾದರೆ, ಜ್ವರ ಬಂದರೆ ತಡಮಾಡದೆ ಬರಬೇಕೆಂದರು.

"ಇನ್ನೊಂದು ಕೂಸು ಕಚ್ಚಿದ್ದು ಗೀತಮ್ಮ," ಎಂದಳು ದುರುಗಕ್ಕ. "ಆ ಗಳಿಗೆಗೆ ನಾವಿಬ್ರೂ ನೋಡ್ತಿರ್ಲಿಲ್ಲ. ತಪ್ಪು ನಮ್ದೇ. ಯಾವ ಕೂಸು ಅಂತ ಮಾತ್ರ ಕೇಳ್ಬೇಡ."

ಗೀತಮ್ಮ ಏಕೋ ನೆಲ ನೋಡಿದಳು. "ಹೋಗ್ಲಿ ಬಿಡಕ್ಕ," ಎಂದಳು.

ಅಲ್ಲಿಂದ ದುರುಗಕ್ಕ ನೆಟ್ಟಗೆ ಸಮಾಜದ ಕಾರ್ಯದರ್ಶಿ ಕಾಂಚನಾ ಮೇಡಂ ಮನೆಗೆ ಹೋದಳು. ನಡೆದದ್ದನ್ನು, ಎರಡೂ ಮಕ್ಕಳ ಹೆಸರನ್ನು, ತಾನು ಬೆನ್ನು ತಿರುಗಿಸಿದ್ದನ್ನೂ ಬಿಡದೆ, ಹೇಳಿ ಬರೆದುಕೊಟ್ಟಳು. ಸಂಜೆ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಡ್ರಮ್ಮಿನೀಚೆ ಕರೆದಳು. "ಇವತ್ತು ಒಂದು ಕೂಸಿಗೆ ಪೆಟ್ಟಾತು. ಆಸ್ಪತ್ರೆಗೆ ತೋರ್ಸೀವಿ, ಆರಾಮೈತೆ. ನಾಳೆಯಿಂದ ಒಬ್ರು ಮಕ್ಕಳ ಹತ್ರಾನೇ ಕುಂತಿರ್ತೀವಿ," ಎಂದು ಎಲ್ಲರಿಗೂ ಹೇಳಿದಳು. ಒಬ್ಬಾಕೆಗೆ ಮಾತ್ರ ಇನ್ನೆರಡು ಮಾತು ಹೆಚ್ಚಿಗೆ ಹೇಳಬೇಕಿತ್ತು. ಆ ಎರಡು ಮಾತಿನ ಹೊತ್ತು ಯಾರಿಗೂ ಗೊತ್ತಾಗಬಾರದೆಂದು ಉಳಿದವರನ್ನೆಲ್ಲ ಅಷ್ಟೇ ಹೊತ್ತು ನಿಲ್ಲಿಸಿಕೊಂಡು ಉಗುರು ಕತ್ತರಿಸುವ ಬಗ್ಗೆ ಭಾಷಣ ಮಾಡಿದಳು. ಮಾರನೆಯ ದಿನ ಉಗುರಿರುವ ಮಗು ಚಳ್ಳಕೆರೆಯಲ್ಲಿ ಸಿಗುತ್ತಿರಲಿಲ್ಲ.

ಸುದ್ದಿ ಬಸ್ಸು ಹತ್ತಿತು. ನಾಯಕನಹಟ್ಟಿಯಲ್ಲಿ ಇಳಿದಾಗ ಹಲ್ಲು ನಾಯಿಯದಾಗಿತ್ತು, ಬಿ.ಜಿ. ಕೆರೆಯಲ್ಲಿ ತೋಳದ್ದು. ಮೊಳಕಾಲ್ಮೂರಿಗೆ ಬರುವಷ್ಟರಲ್ಲಿ ಚಿರತೆಯೊಂದು ಶಿಶುವಿಹಾರದಲ್ಲಿ ಹೆಸರು ಬರೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಕೂತಿತ್ತು.

ಬೋರಣ್ಣ ಮರುದಿನ ಬೆಳಿಗ್ಗೆಯೇ ಕಾಂಚನಾ ಮೇಡಂ ಜೊತೆ ಬಂದ. "ಯಾರ ಕೂಸು ಹೇಳ್ರಿ. ಇಲ್ಲ ಅಂದ್ರೆ ನಿಮ್ಮನ್ನ ತೆಗೆಸ್ತೀನಿ. ಬಸ್ ಸ್ಟ್ಯಾಂಡಿನಾಗೆ ನಿಂತು ಕೂಗ್ತೀನಿ, ಒಂದು ಕೂಸೂ ಈ ಬಾಗಿಲಿಗೆ ಬರಲ್ಲ!"

ಅವನು ಕೂಗಬಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೇಡಂ ದುರುಗಕ್ಕನನ್ನು ಒಳಗೆ ಕರೆದು, "ಅವರಿಗೆ ಹೇಳಿಬಿಡಮ್ಮ, ಮುಗಿದೋಗ್ಲಿ," ಎಂದರು.

"ಹೇಳಿದ್ರೆ ಮುಗಿಯಲ್ಲ ಮೇಡಂ, ಶುರುವಾಗ್ತೈತೆ. ಆ ಕೂಸಿಗೆ ಕಚ್ಚೋ ಕೂಸು ಅಂತಾನೇ ಹೆಸರು ನಿಲ್ಲುತ್ತೆ. ನಾಕು ಜನ ಆಡ್ಕಂಡ್ರೆ ಅದರವ್ವ ಕರ್ಕಂಡು ಹೋಗ್ತಾಳೆ. ಕೂಸು ಬಿಡಕ್ಕೆ ಜಾಗ ಇಲ್ಲ ಅಂದ್ರೆ ಮಿಲ್ಲಿನ ಕೆಲಸಾನೂ ಇಲ್ಲ. ನನ್ನ ತೆಗೀತೀರಾ, ತೆಗೀರಿ. ಹೆಸರು ಮಾತ್ರ ಅವರಿಗೆ ಹೇಳು ಅನ್ಬೇಡ್ರಿ."

ಮೇಡಂ ಹೊರಗೆ ಬಂದು ಬೋರಣ್ಣನಿಗೆ, "ನಿಮ್ಮ ಮಗಳ ವಿಷಯ ಏನು ಬೇಕಾದ್ರೂ ಕೇಳಿ. ಬೇರೆಯವರ ಮಗೂದು ನಾನೂ ಹೇಳಲ್ಲ," ಎಂದರು. ತಾವು ಇಷ್ಟು ಗಟ್ಟಿಯಾಗಿ ಹೇಳಿದ್ದು ಕಂಡು ಅವರಿಗೇ ಆಶ್ಚರ್ಯವಾಯಿತು.

ಬೋರಣ್ಣ ಸೋಲುವವನಲ್ಲ. ಮಗಳನ್ನು ಕೇಳಿದರೆ ಅವಳು ಒಂದೊಂದು ಸಲ ಒಂದೊಂದು ಹೆಸರು, ಒಮ್ಮೆ ಯರ್ರಮ್ಮನದೂ, ಹೇಳುತ್ತಿದ್ದಳು. ಮೂರನೆಯ ದಿನ ಒಂದು ಪುಟ್ಟಿ ಎಳೆ ಸೌತೆಕಾಯಿ ಹೊತ್ತುಕೊಂಡು ನಗುತ್ತಾ ಬಂದ. ರಾತ್ರಿ ಮಗಳು ಮಲಗಿದ್ದಾಗ ಗಾಯದ ಹಲ್ಲಿನ ಗುರುತನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಇಳಿಸಿಕೊಂಡು ಜೇಬಿನಲ್ಲಿಟ್ಟಿದ್ದ.

"ಮಕ್ಕಳು ತಿನ್ಲಿ ಅಂತ ತಂದೀನಿ ದುರುಗಕ್ಕ. ತಲೆಗೊಂದು ಕೊಡ್ರಿ. ಒಂದೊಂದು ಸಲ ಕಚ್ಚಿದ್ ಮೇಲೆ ವಾಪಸ್ ಇಸ್ಕಂತೀನಿ."

"ಎಂಜಲು ಇಸ್ಕಂಡು ಏನ್ಮಾಡ್ತೀರಿ?"

"ಎಮ್ಮೆಗೆ."

"ನಿಮ್ಮನೇಲಿ ಎಮ್ಮೆ ಇಲ್ವಲ್ಲ."

"ತರ್ಬೇಕು ಅಂತಿದೀನಿ."

"ಬಹಳ ಒಳ್ಳೇದಾತು," ಎಂದು ದುರುಗಕ್ಕ ಪುಟ್ಟಿ ಇಳಿಸಿಕೊಂಡಳು. "ಯರ್ರಮ್ಮ, ಇವನ್ನ ತೊಳ್ದು ಸಣ್ಣಗೆ ಹೆಚ್ಚು. ಎಳೇ ಮಕ್ಕಳಿಗೆ ಗಂಟಲಿಗೆ ಸಿಕ್ಕೀತು."

ಯರ್ರಮ್ಮ ಎಷ್ಟು ಸಣ್ಣಗೆ ಹೆಚ್ಚಿದಳೆಂದರೆ ಅದನ್ನು ಕಚ್ಚಲು ಇರುವೆಯೂ ಕನ್ನಡಕ ಹಾಕಿಕೊಳ್ಳಬೇಕಿತ್ತು. ಎಲ್ಲರಿಗಿಂತ ಹೆಚ್ಚು ತಿಂದವಳು ದಿವ್ಯಾ, ಅದೂ ಕಚ್ಚಿದ ಕೂಸಿನ ಪಕ್ಕದಲ್ಲೇ ಕೂತು. ಬೋರಣ್ಣ ಜೇಬಿನ ಕಾಗದ ಮುಟ್ಟಿಕೊಳ್ಳುತ್ತಾ ನೋಡುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಕೂಗಲು ಅವನ ಹತ್ತಿರ ಹೆಸರಿರಲಿಲ್ಲ. ಹೆಸರಿಲ್ಲದೆ ಕೂಗಿದರೆ ಅವನಿಗೆ ಗೊತ್ತಿಲ್ಲ ಎಂಬುದೇ ಸುದ್ದಿಯಾಗುತ್ತಿತ್ತು. ಹಾಗಾಗಿ ಸುಮ್ಮನಾದ. ದುರುಗಕ್ಕನ ಕೆಲಸ ಉಳಿಯಿತು. ಗಾಯ ಮಾಯಿತು. ಶಿಶುವಿಹಾರಕ್ಕೆ ಚಕ್ರವಿರುವ ಎರಡು ತಗಡಿನ ಬಸ್ಸು ಬಂದವು.

ಜೂನ್‌ನಲ್ಲಿ ದಿವ್ಯಾಳನ್ನು ಒಂದನೇ ಕ್ಲಾಸಿಗೆ ಸೇರಿಸಿದರು. ಶಿಶುವಿಹಾರದಲ್ಲಿದ್ದ ಅವಳ ತಟ್ಟೆ ಲೋಟ ಒಯ್ಯಲು ಬೋರಣ್ಣನೇ ಬಂದ. ಡ್ರಮ್ಮಿನಾಚೆ ತಾಯಂದಿರು ನಿಂತಿದ್ದರು. ಅವನು ಗಂಟಲು ಸರಿಮಾಡಿಕೊಂಡ.

"ದುರುಗಕ್ಕ, ಈ ಊರಿನಾಗೆ ನನಗೆ ಗೊತ್ತಿಲ್ಲದ್ದು ಅಂದ್ರೆ ಅದೊಂದೇ. ನಿದ್ದೆ ಬರಲ್ಲ. ಈಗಾದ್ರೂ ಹೇಳಿಬಿಡ್ರಿ."

"ಈಚೆ ಬರ್ರಿ," ಎಂದಳು ದುರುಗಕ್ಕ.

ಬೋರಣ್ಣ ಡ್ರಮ್ಮು ದಾಟಿ ಬಂದು ಕಿವಿ ಬಗ್ಗಿಸಿದ.

"ಬೇರೇರ ಕೂಸಿಂದು ಹೇಳಲ್ಲ, ನಿಮ್ದು ಹೇಳ್ತೀನಿ. ಅದಕ್ಕೂ ಮುಂಚೆ ನಿಮ್ಮ ದಿವ್ಯಾ ಒಂದು ಕೂಸಿನ ಕಿವಿ ಕಚ್ಚಿದ್ಲು. ಆ ಕೂಸಿನ ಅಪ್ಪನೂ ಹಿಂಗೇ ಬಂದು ನಿಂತಿದ್ದ, ಅವನಿಗೂ ಹೇಳ್ಲಿಲ್ಲ. ಗೀತಮ್ಮಂಗೆ ಅವತ್ತೇ ಹೇಳಿದ್ದೆ. ಊರಿನ ಸುದ್ದಿಯೆಲ್ಲ ನಿಮ್ಮ ಅಪ್ಪಣೆ ಕೇಳ್ಕಂಡು ಹುಟ್ಟುತ್ತಂತಲ್ಲ ಬೋರಣ್ಣ, ಮನೇದು ಯಾಕೋ ಕೇಳ್ಲಿಲ್ಲ ನೋಡ್ರಿ."