ಭಾನು ಬರೆದ ಐದು ಸಾಲು

ಸೋಮವಾರ ಭಾನು ನನ್ನ ಅಂಗಡಿಗೆ ಬರದಿದ್ದರೆ ಸಾಕಪ್ಪಾ ಎಂದು ಬೆಳಿಗ್ಗೆಯಿಂದ ಬೇಡಿಕೊಳ್ಳುತ್ತಿದ್ದೆ. ನಾನು ಶಿವಮಲ್ಲು. ಗುಂಡ್ಲುಪೇಟೆಯ ತಾಲ್ಲೂಕು ಕಚೇರಿ ಎದುರು ಹದಿನೈದು ವರ್ಷದಿಂದ ಅರ್ಜಿ ಟೈಪ್ ಮಾಡುತ್ತೇನೆ. ನನ್ನ ಕೈಬರಹಕ್ಕೆ, ಅಂದರೆ ಕೈಟೈಪಿಗೆ, ಅಧಿಕಾರಿಗಳೇ ಹೆದರುತ್ತಾರೆಂಬ ಜಂಬ ನನಗಿತ್ತು.

ಭಾನು ಭೀಮನಬೀಡಿನವಳು, ಖಾಸಗಿ ಶಾಲೆಯ ಟೀಚರು. ಅಪ್ಪ ಅಮ್ಮ ಕೂಲಿ ಮಾಡಿ ಓದಿಸಿದವರು. ಮೈಸೂರಿನ ಒಂದು ಟ್ರಸ್ಟ್ ಹಳ್ಳಿ ಶಿಕ್ಷಕಿಯರಿಗೆ ವರ್ಷದ ತರಬೇತಿ ಕೊಡುತ್ತದೆ, ಹತ್ತೇ ಸೀಟು. ಅರ್ಜಿ ಹಾಕಿದ್ದು ನನ್ನ ಅಂಗಡಿಯಿಂದ, ಮೇಲ್ ಬರುವುದೂ ನನ್ನ ಕಂಪ್ಯೂಟರಿಗೆ. ಸಂದರ್ಶನ ಮುಗಿಸಿ ಕಾಯುವ ಪಟ್ಟಿಯಲ್ಲಿ ಮೊದಲಿಗಳಾಗಿದ್ದಳು. ಕಳೆದ ವಾರ ಕೊನೆಯ ಉತ್ತರ ಬಂತು: ಹತ್ತೂ ಮಂದಿ ಸೇರಿದ್ದಾರೆ, ಪಟ್ಟಿ ಮುಗಿಯಿತು.

ಅವಳಿಗೆ ಅದನ್ನು ತೋರಿಸುವಾಗ ನನಗೆ ಸಿಟ್ಟು ನೆತ್ತಿಗೇರಿತು. "ಬುಡಬ್ಯಾಡ ಕಣಮ್ಮಿ, ಒಂದು ಖಡಕ್ ಕಾಗದ ಬರ್ದು ಬುಡ್ತೀನಿ!" ಅಂದೆ.

"ಜಗಳ ಬ್ಯಾಡ ಕಣಣ್ಣ. ನಂಗೀಗ ಮೂವತ್ನಾಲ್ಕು. ಮೂವತ್ತೈದರ ತನಕ ಅಷ್ಟೇ ತಗೊಳ್ಳೋದು. ಮುಂದಿನ ವರ್ಷ ಅವರ ಹತ್ರಾನೇ ಓಗ್ಬೇಕಲ್ವಾ?" ಎಂದು ಅಲ್ಲೇ ಕೂತು ತಾನೇ ಒಂದು ಚೀಟಿ ಬರೆದು ಕೊಟ್ಟಳು. ಐದೇ ಸಾಲು. ತಿಳಿಸಿದ್ದಕ್ಕೆ ಧನ್ಯವಾದ, ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳಿಂದ ಬಹಳ ಕಲಿತೆ, ಆಯ್ಕೆಯಾದವರಿಗೆ ಅಭಿನಂದನೆ, ಎಲ್ಲಿ ಸುಧಾರಿಸಬೇಕೆಂದು ಬಿಡುವಾದಾಗ ತಿಳಿಸಿದರೆ ಉಪಕಾರ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವೆ. ಒಂದು ಕೊಂಕು ಮಾತಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.

ಅವಳ ಐದು ಸಾಲನ್ನು ಅಕ್ಷರ ತಪ್ಪದೆ ಟೈಪ್ ಮಾಡಿದೆ, ಆಣೆಗೂ. ಆದರೆ ಸಹಿಯ ಕೆಳಗೆ ಬೆರಳು ತಾನಾಗಿ ಓಡಿತು. "ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ಚಾಮರಾಜನಗರ. ಮಾನ್ಯ ಲೋಕಾಯುಕ್ತರು. ಸೂಕ್ತ ಕ್ರಮಕ್ಕಾಗಿ." ಹದಿನೈದು ವರ್ಷ ಯಾವ ಕಾಗದವೂ ಅದಿಲ್ಲದೆ ನನ್ನ ಅಂಗಡಿ ಬಿಟ್ಟಿಲ್ಲ. ಆ ಇಬ್ಬರ ಮೇಲ್ ವಿಳಾಸಗಳನ್ನೂ ಸೇರಿಸಿಯೇ ಕಳಿಸಿಬಿಟ್ಟೆ. ಕಳಿಸಿ ಚಹಾ ಕುಡಿಯಲು ಹೋದೆ.

ಶನಿವಾರ ಟ್ರಸ್ಟಿನ ಉತ್ತರ ಬಂತು. ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಅವಳಿಗೆ ಫೋನ್ ಮಾಡುವ ಧೈರ್ಯವೂ ಬರಲಿಲ್ಲ, ಥೂ ನನ್ನ ಜನ್ಮಕ್ಕೆ.

ಸೋಮವಾರ ಶಾಲೆ ಬಿಟ್ಟ ಮೇಲೆ ಬಂದೇ ಬಂದಳು. "ಏನಾರಾ ಉತ್ತರ ಬಂತಾ ಅಣ್ಣ?" ಮುಖದಲ್ಲಿ ಎಂಥ ಆಸೆ! ಪರದೆಯನ್ನು ಅವಳತ್ತ ತಿರುಗಿಸಿದೆ.

"ನಿಮ್ಮ ಪತ್ರವನ್ನು ದೂರೆಂದು ದಾಖಲಿಸಿದ್ದೇವೆ. ದೂರು ಇತ್ಯರ್ಥವಾಗುವವರೆಗೆ ನಿಮ್ಮ ಹೊಸ ಅರ್ಜಿಯನ್ನು ಸ್ವೀಕರಿಸಲಾಗದು."

ಅವಳು ಎರಡು ಸಲ ಓದಿದಳು. ಕೆಳಗಿದ್ದ ನನ್ನ ಮೂರು ಸಾಲನ್ನೂ ಓದಿದಳು. "ಇದ್ನ ನಾನು ಬರ್ದಿರಲಿಲ್ವಲ್ಲ."

"ರೂಢಿ ಕಣವ್ವಾ... ತಪ್ಪಾಗ್ಬುಡ್ತು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಎದ್ದೇಳಿ" ಎಂದಳು, ಅಷ್ಟೇ. ನನ್ನ ಕುರ್ಚಿಯಲ್ಲಿ ಕುಳಿತು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು: ಮಾನ್ಯರೇ, ಅದು ದೂರಲ್ಲ.

ಅಷ್ಟರಲ್ಲಿ ಅವಳ ಮೊಬೈಲ್ ಹೊಡೆದುಕೊಂಡಿತು. ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು: "ಭಾನು ಅವರಾ? ಚಾಮರಾಜನಗರ ಡೀಸಿ ಆಫೀಸಿನಿಂದ. ನಿಮ್ಮ ದೂರಿನ ಮೇಲೆ ಆ ಟ್ರಸ್ಟಿಗೆ ನೋಟಿಸ್ ಕಳಿಸಿದ್ದೇವೆ ಕಣಮ್ಮ."