ಎಡಭುಜದ ಮಲ್ಲೇಶಪ್ಪ ಕಾಕಾ

ಮಲ್ಲೇಶಪ್ಪ ಕಾಕಾ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ನಾನು ಮದುವೆಯಾಗಿ ಲಂಡನ್ನಿನ ಕೆಂಟನ್ನಿಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯವರು ನಮ್ಮ ಧಾರವಾಡದ ಕಡೆಯವರೇ ಎಂದು ಗೊತ್ತಾಗಿ ಮಾತಾಡಿಸಲು ಹೋದರೆ ಮೊದಲ ಮಾತೇ, "ತಂಗಿ, ನಿನ್ನ ಬಲಗಡಿ ಭುಜ ಒಂಚೂರು ಇಳದೈತಿ. ಚೀಲ ಭಾಳ ಹೊರ್ತೀಯೇನು?" ಒಳಗಿನಿಂದ ಗಂಗಾ ಕಾಕು, "ಮೊದಲ ಹೆಸರು ಕೇಳ್ರಿ, ಆಮ್ಯಾಲ ಎಲುಬು ಎಣಸೂರಂತ" ಎಂದು ಕೂಗಿದರು. ಒಮ್ಮೆ ಟ್ಯೂಬ್ ರೈಲಿನಲ್ಲಿ ಯಾರೋ ಹೆಣ್ಣುಮಗಳು ಸೂಟ್‌ಕೇಸು ಮೇಲೆತ್ತಿಟ್ಟಳು. ಕಾಕಾ ಅವಳ ಮುಂದೆ ಹೋಗಿ, ದಯವಿಟ್ಟು ಇನ್ನೊಮ್ಮೆ ಇಳಿಸಿ ಎತ್ತಿರಿ ಎಂದು ಕೇಳಿದ್ದರಂತೆ. ಅವತ್ತಿನಿಂದ ಕಾಕು ಅವರ ಜೊತೆ ಒಂದೇ ಡಬ್ಬಿಯಲ್ಲಿ ಕೂರುವುದನ್ನೇ ಬಿಟ್ಟರು.

ಊರಿನಲ್ಲಿದ್ದಾಗ ಕಾಕಾ ಹುಬ್ಬಳ್ಳಿಯ ಟಾಕೀಸುಗಳಿಗೆ ಬೋರ್ಡು ಬರೆಯುತ್ತಿದ್ದರು. ಇಲ್ಲಿ ಫೆಲ್ಥಮ್ ಹತ್ತಿರ ವಿಮಾನಕ್ಕೆ ಊಟ ಕಟ್ಟುವ ಅಡಿಗೆಮನೆಯಲ್ಲಿ ಕೆಲಸ. ಊಟದ ಟ್ರಾಲಿ ತಳ್ಳಿ ತಳ್ಳಿ ಎಡಭುಜ ಕೆಟ್ಟುಹೋಗಿತ್ತು, ಕೈ ಎತ್ತಿದರೆ ಒಳಗೆ 'ಕಟಕ್' ಅನ್ನುತ್ತಿತ್ತು. "ಕೇಳಿದಿ? ಒಳಗ ಯಾರೋ ಅಗಳಿ ತಗದಂಗ ಆತು. ಏನೈತಿ ಅಲ್ಲೆ, ಒಮ್ಮೆ ನೋಡಬೇಕು" ಎನ್ನುತ್ತಿದ್ದರು. ಅದು ಬರೀ ನೋವಿನ ಮಾತಾಗಿರಲಿಲ್ಲ. ಬೋರ್ಡಿನ ಮೇಲೆ ಸಾವಿರ ಹೀರೋಗಳನ್ನು ಬರೆದಿದ್ದರೂ ಎತ್ತಿದ ಕೈ ಒಂದನ್ನೂ ತಾನು ಸರಿಯಾಗಿ ಬರೆದಿಲ್ಲ, ಎಲ್ಲವೂ ಭುಜಕ್ಕೆ ಹೊಲಿದ ತೋಳುಗಳೇ, ಎಂಬ ಕೊರಗು ಅವರಿಗಿತ್ತು. ಸಾಯುವುದರೊಳಗೆ ಒಂದಾದರೂ ಎತ್ತಿದ ಕೈಯನ್ನು ಖರೇ ಖರೇ ಬರೆಯಬೇಕು, ಅದಕ್ಕೆ ಮನುಷ್ಯನ ಭುಜವನ್ನು ತೊಗಲು ತೆಗೆದು ನೋಡಬೇಕು ಎಂಬುದೇ ಅವರ ಹಂಬಲ.

ಈ ಹುಚ್ಚು ಹಿಡಿಸಿದ್ದು ಲಂಡನ್ನಿನ ಚಿತ್ರಶಾಲೆ. ಪುಕ್ಕಟೆ ಪ್ರವೇಶ, ಹೊರಗೆ ಚಳಿ, ಒಳಗೆ ಹೀಟಿಂಗ್. ಪ್ರತಿ ಭಾನುವಾರ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಎಳೆದೊಯ್ದು, ಬಂಗಾರದ ಬಣ್ಣ ಬಳಿದ ಹಳೇ ಸಂತರ ಚಿತ್ರಗಳ ಮುಂದೆ ನಿಲ್ಲಿಸಿದರು. "ನೋಡು, ಮುಖ ಭಾಳ ಚಲೋ ಅದಾವು. ಆದ್ರ ಅರಿವಿ ಒಳಗ ಮೈ ಐತೇನು? ಹ್ಯಾಂಗರಿಗೆ ನಿಲುವಂಗಿ ಹಾಕಿದಂಗ ಐತಿ." ಆಮೇಲೆ ಅವಕ್ಕಿಂತ ನೂರಿನ್ನೂರು ವರ್ಷ ಈಚಿನ ಚಿತ್ರಗಳ ಕೋಣೆಗೆ ಕರೆದೊಯ್ದರು. "ಇಲ್ಲಿ ನೋಡು. ಒಂದು ಕಾಲಿನ ಮ್ಯಾಲ ಭಾರ ಬಿಟ್ಟಾನ. ಆ ಕಡೆ ಸೊಂಟ ಮ್ಯಾಲ ಎದ್ದೈತಿ, ಅದೇ ಕಡೆ ಭುಜ ಕೆಳಗ ಇಳದೈತಿ. ಅರಿವಿ ಮೊಣಕಾಲಿಗೆ ತಾಗಿ ಮಡಚೇತಿ, ಒಳಗ ಎಲುಬು ಐತಿ ಅಂತ ಅರಿವಿನೇ ಹೇಳತೈತಿ. ನಡುವ ಏನಾತು ಗೊತ್ತೇನು? ಚಿತ್ರ ಬರಿಯೋರು ಚಾಕು ಹಿಡದ್ರು."

ಆ ಚಾಕು ಹಿಡಿದವರ ಹೆಸರನ್ನು ಕಾಕಾ ಎಂದೂ ಹೇಳುತ್ತಿರಲಿಲ್ಲ. ಒಬ್ಬ 'ಗಡ್ಡದಜ್ಜ', ಇನ್ನೊಬ್ಬ 'ಮುರುಕ ಮೂಗಿನಾಂವ'. ಇಬ್ಬರೂ ಇಟಲಿಯವರು, ಐದುನೂರು ವರ್ಷದ ಹಿಂದಿನವರು. ಕಾಕಾ ಮಾತ್ರ ಅವರು ಇಲ್ಲೇ ಹತ್ತಿರದ ಗ್ರೀನ್‌ಫರ್ಡಿನಲ್ಲಿ ಬಾಡಿಗೆಗಿದ್ದಾರೆ ಎನ್ನುವಂತೆ ಮಾತಾಡುತ್ತಿದ್ದರು. ಮುರುಕ ಮೂಗಿನಾಂವ ಹುಡುಗನಿದ್ದಾಗ ಒಬ್ಬ ಮಠದ ಹಿರಿಯರು ತಮ್ಮ ಆಸ್ಪತ್ರೆಯಲ್ಲಿ ಸತ್ತವರನ್ನು ಕೊಯ್ದು ನೋಡಲು ಕೋಣೆ ಕೊಟ್ಟರಂತೆ. ಅವನು ಅದರ ಋಣಕ್ಕೆ ಶಿಲುಬೆಯ ಮೂರ್ತಿಯೊಂದನ್ನು ಕಟ್ಟಿಗೆಯಲ್ಲಿ ಕೆತ್ತಿ ಕೊಟ್ಟನಂತೆ. ಕೊಯ್ದು ಕೊಯ್ದು ಕಡೆಗೆ ಹೊಟ್ಟೆ ಕೆಟ್ಟು ಊಟವೇ ಸೇರದಂತಾಯಿತಂತೆ. ಗಡ್ಡದಜ್ಜ ಬಲು ಜಾಣ. ಹೆಣ ಬೇಗ ಕೆಡುತ್ತದೆಂದು ಚಳಿಗಾಲದಲ್ಲೇ ಈ ಕೆಲಸ. ಒಂದು ಹೆಣ ಎಲ್ಲ ತೋರಿಸುವ ತನಕ ತಾಳುವುದಿಲ್ಲ, ಅದಕ್ಕೆ ಒಂದೊಂದರಲ್ಲಿ ಒಂದಿಷ್ಟು ನೋಡಿ ಮುಗಿಸುತ್ತಿದ್ದ. ಒಂದೇ ಭುಜವನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತಿರುಗಿಸಿ ತಿರುಗಿಸಿ ಬರೆಯುತ್ತಿದ್ದ. ಮೇಲಿನ ಸ್ನಾಯು ತೆಗೆದು ಕೆಳಗಿನದು, ಅದನ್ನೂ ತೆಗೆದು ಎಲುಬು. ಸ್ನಾಯುವಿನ ಜಾಗದಲ್ಲಿ ಬರೀ ದಾರ ಎಳೆದು, ಯಾವುದು ಎಲ್ಲಿಂದ ಎಲ್ಲಿಗೆ ಜಗ್ಗುತ್ತದೆ ಎಂದು ತೋರಿಸುತ್ತಿದ್ದ. ಎತ್ತಿನ ಮಿದುಳಿಗೆ ಕರಗಿದ ಮೇಣ ಹೊಯ್ದು, ಆರಿದ ಮೇಲೆ ಒಳಗಿನ ಪೊಳ್ಳಿನ ಅಚ್ಚು ತೆಗೆದಿದ್ದ.

"ಇವರಕಿಂತ ಮೊದಲ ಒಬ್ಬ ಗ್ರೀಕ್ ವೈದ್ಯ ಇದ್ದ" ಎಂದು ಕಾಕಾ ನಗುತ್ತಿದ್ದರು. "ಮಂಗ್ಯಾ, ಹಂದಿ, ದನ ಕೊಯ್ದು ನೋಡಿ, ಮನುಷ್ಯಾನೊಳಗೂ ಹಿಂಗ ಐತಿ ಅಂತ ಬರದಿಟ್ಟ. ಸಾವಿರ ವರ್ಷದ ಮ್ಯಾಲ ಮಂದಿ ಅದನ್ನ ನಂಬಿದ್ರು. ಎಂಥಾ ಶಾಣ್ಯಾ ಮಂದಿ ನೋಡು." ಈ ನಗುವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಆ ವರ್ಷ ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರಿ ಯುಗಾದಿಗೆ ಒಂದು ನಾಟಕ ಆಡುವುದೆಂದಾಯಿತು. ಕುಸ್ತಿ ಪೈಲ್ವಾನನ ಕತೆ. ಹಿಂದಿನ ಪರದೆಯ ಮೇಲೆ ಆಳೆತ್ತರದ ಪೈಲ್ವಾನ, ಬಲಗೈಯಲ್ಲಿ ಗದೆ ಮೇಲೆತ್ತಿ ನಿಂತಿರಬೇಕು. ಕೆಲಸ ಕಾಕಾನ ಪಾಲಿಗೆ ಬಂತು. ಅವರ ಮುಖ ನೋಡಬೇಕಿತ್ತು. ಕಡೆಗೂ ಎತ್ತಿದ ಕೈ!

ಕಾಕಾನ ಮನೆ ಲಿಂಗಾಯತರ ಮನೆ, ತತ್ತಿ ಕೂಡ ಒಳಗೆ ಬರುವಂತಿಲ್ಲ. ಜನವರಿಯ ಒಂದು ಮುಂಜಾನೆ ಕಾಕಾ ಮಾಂಸದಂಗಡಿಗೆ ಹೋಗಿ ಆಡಿನ ಮುಂಗಾಲನ್ನು ಭುಜದ ಸಮೇತ ಇಡಿಯಾಗಿ ತಂದರು. ಅಂಗಡಿಯವನು ಅಡಿಗೆಗೆ ತುಂಡು ಮಾಡಲೇ ಎಂದಿದ್ದಕ್ಕೆ, ಬೇಡ, ನಾನು ಅದನ್ನು ಬರೆಯಬೇಕು ಎಂದರಂತೆ. ಕಾಕು ಹಿತ್ತಲ ಶೆಡ್ಡಿನ ಬಾಗಿಲಲ್ಲೇ ಕಾಯಿದೆ ಹೇಳಿದರು: "ಆ ಚಾಕು ಅಲ್ಲೇ ಇರಬೇಕು. ಆ ಅಂಗಿ ಅಲ್ಲೇ ಬಿಚ್ಚಬೇಕು. ಜಳಕ ಮಾಡದ ಹೊಸ್ತಿಲಾ ದಾಟಿದ್ರ ನಾ ಹುಬ್ಬಳ್ಳಿಗೆ ಹೋಗ್ತೀನಿ." ಮೂರು ವಾರ ಕಾಕಾ ಮಂಕಿ ಟೊಪ್ಪಿಗೆ ಹಾಕಿಕೊಂಡು ಶೆಡ್ಡಿನಲ್ಲಿ ಕೂತರು. ಪದರು ಪದರಾಗಿ ಬಿಡಿಸಿದರು, ಬರೆದರು. ಮೊದಲು ತಂದ ಕಾಲನ್ನು ರಾತ್ರಿ ಹಿತ್ತಲಿಗೆ ಬರುವ ನರಿ ಹೊತ್ತುಕೊಂಡು ಹೋಯಿತು, ಇನ್ನೊಂದು ತಂದರು. ಮುರುಕ ಮೂಗಿನಾಂವನ ಹಾಗೆ ಊಟ ಬಿಟ್ಟರು. ಕಾಕು ನನ್ನೆದುರು ಸೆರಗಿನಿಂದ ಕಣ್ಣೊರಸಿಕೊಂಡು, "ಶೈಲಾ, ಜ್ವಾಳದ ರೊಟ್ಟಿ ಕೊಟ್ರ ಅದರಾಗೂ ಪದರು ಹುಡುಕ್ತಾರ" ಅಂದರು.

ಪರದೆ ಸಿದ್ಧವಾಗಿ, ಶಾಲೆಯ ಹಾಲಿನಲ್ಲಿ ತಾಲೀಮಿಗೆ ತೂಗುಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೂ ಏನೋ ಎಡವಟ್ಟಾಗಿತ್ತು. ಮೈತುಂಬ ಸ್ನಾಯುಗಳು ಉಬ್ಬಿ, ಪೈಲ್ವಾನ ಆಲೂಗಡ್ಡೆ ಚೀಲದಂತೆ ಕಾಣುತ್ತಿದ್ದ. ಭುಜಗಳು ಎದೆಯ ಪಕ್ಕಕ್ಕೆ ಅಂಟಿಕೊಂಡು, ಗದೆ ಎತ್ತಿದ ಕೈ ಮೂಗಿನ ಮುಂದಿನಿಂದ ಹೊರಟಿತ್ತು. ನಾಟಕದಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದ ಲವೀನಾ, ಉಡುಪಿಯ ಕಡೆಯವಳು, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಹತ್ತಿರ ಹೋಗಿ ನೋಡಿದಳು.

"ಅಂಕಲ್, ಇವನಿಗೆ ಕಾಲರ್ ಬೋನ್ ಎಲ್ಲಿ ಉಂಟು?"

"ನಾ ಕೊಯ್ದು ನೋಡೇನವಾ. ಅಂಥಾ ಎಲುಬು ಅಲ್ಲಿ ಇಲ್ಲ."

"ಏನನ್ನು ಕೊಯ್ದದ್ದು?"

"ಆಡು."

ಲವೀನಾ ತುಟಿ ಕಚ್ಚಿಕೊಂಡಳು. "ಆಡಿಗೆ ಅದು ಇಲ್ಲ ಅಂಕಲ್. ಅದರ ಭುಜದ ಹಲಗೆ ಬರೀ ಮಾಂಸದಲ್ಲಿ ಪಕ್ಕೆಗೆ ಅಂಟಿಕೊಂಡಿರುವುದು, ಹಿಂದೆ ಮುಂದೆ ಹೋದರೆ ಅದಕ್ಕೆ ಸಾಕು. ನಮ್ಮದು ಹಾಗಲ್ಲ. ಎದೆಯ ನಡುವಿನಿಂದ ಈ ಎಲುಬು ಭುಜವನ್ನು ಹೊರಗೆ ದೂಡಿ ಹಿಡಿಯುವುದಕ್ಕೇ ಕೈ ಪಕ್ಕಕ್ಕೆ, ಮೇಲಕ್ಕೆ ಹೋಗುವುದು. ನಿಮ್ಮ ಈ ಪೈಲ್ವಾನ ಕುಸ್ತಿಗೆ ಬಂದವನಲ್ಲ ಮಾರಾಯ್ರೆ, ಮೇಯಲಿಕ್ಕೆ ಬಂದವನು."

ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ, ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ. ಕಾಕಾ ತಮ್ಮ ಕೊರಳ ಕೆಳಗೆ ಬೆರಳಾಡಿಸಿದರು. ಅರವತ್ತು ವರ್ಷ ಹೊತ್ತು ತಿರುಗಿದ ಎಲುಬು ಅಲ್ಲೇ ಇತ್ತು. "ಹೌದಲ್ಲ" ಅಂದರು. ಆಮೇಲೆ ಮೆಲ್ಲಗೆ, "ನಾನೂ ಆ ಗ್ರೀಕ್ ವೈದ್ಯನ ಹಾದಿ ಹಿಡದ್ನಲ್ಲಾ ಶೈಲವ್ವಾ" ಅಂದು ಪರದೆ ಸುತ್ತಿಕೊಂಡು ಹೋದರು.

ನಾಟಕಕ್ಕೆ ಎರಡು ವಾರವಿತ್ತು. ನಾನು ಜಿ.ಪಿ. ಸರ್ಜರಿ ಅನ್ನುವ ಇಲ್ಲಿನ ಓಣಿಯ ದವಾಖಾನೆಯ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದೆ, ಅಷ್ಟಕ್ಕೇ ಕಾಕಾನ ಪಾಲಿಗೆ ನಾನು ಅರ್ಧ ಡಾಕ್ಟರು. ನನ್ನಿಂದ ಒಂದು ಮೆಡಿಕಲ್ ಕಾಲೇಜಿಗೆ ಕಾಗದ ಬರೆಸಿದರು: ಚಿತ್ರಕಾರನಿದ್ದೇನೆ, ಒಂದು ಭುಜ ನೋಡಿ ಹೋಗುತ್ತೇನೆ, ಅರ್ಧ ತಾಸು ಸಾಕು. ಬಲು ಮರ್ಯಾದೆಯ ಉತ್ತರ ಬಂತು. ಕಲಿಯುವವರನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿಲ್ಲ. ಜೊತೆಗೆ ಯಾರೋ ಪುಣ್ಯಾತ್ಮರು, ಸತ್ತ ಮೇಲೆ ದೇಹ ದಾನ ಮಾಡುವ ಫಾರಮ್ಮನ್ನು ಇಟ್ಟಿದ್ದರು. ಕಾಕಾ ಅದನ್ನು ಎರಡು ಸಲ ಓದಿ, ಬಿದ್ದು ಬಿದ್ದು ನಕ್ಕರು. "ನೋಡಾಕ ಬಿಡೂದಿಲ್ಲಂತ. ತೋರಸಾಕ ಬಿಡ್ತಾರಂತ."

ಕಡೆಗೆ ದಾರಿ ತೋರಿದವಳೂ ಲವೀನಾ. ಪಾಠಕ್ಕೆ ಬಳಸುವ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಹೊತ್ತು ತಂದಳು. ಕಾಕಾ ಕಾಕುವಿನ ಸ್ವೆಟರಿನ ಉಲ್ಲನ್ನು, ಗಡ್ಡದಜ್ಜ ಮಾಡಿದಂತೆ, ಸ್ನಾಯುಗಳ ಜಾಗದಲ್ಲಿ ಕಟ್ಟಿದರು: ಎದೆಯಿಂದ ತೋಳಿಗೆ ಕೆಂಪು, ಬೆನ್ನಿನಿಂದ ತೋಳಿಗೆ ಹಸಿರು, ಭುಜದ ಮೇಲಿನಿಂದ ಹಳದಿ. ಹಳದಿ ಜಗ್ಗಿದರೆ ತೋಳು ಪಕ್ಕಕ್ಕೆ ಎದ್ದಿತು. ಅದಕ್ಕೂ ಮೇಲೆ ಹೋಗಬೇಕಾದರೆ ಬೆನ್ನ ಮೇಲಿನ ಹಲಗೆಯೇ ತಿರುಗಿ ಅದರ ಕೆಳತುದಿ ಹೊರಗೆ ಸರಿಯಬೇಕು, ಕಾಲರ್ ಬೋನ್ ಓರೆಯಾಗಿ ಏಳಬೇಕು. ಕಂಕುಳು ಯಾಕೆ ಗುಳಿ ಬೀಳುತ್ತದೆಂಬುದೂ ತಿಳಿಯಿತು, ಮುಂದೆ ಕೆಂಪಿನ ಗೋಡೆ, ಹಿಂದೆ ಹಸಿರಿನ ಗೋಡೆ. ಎಲ್ಲ ನೂಲೂ ಒಟ್ಟಿಗೆ ಬಿಗಿಯಾಗುವುದಿಲ್ಲ ಎಂಬುದನ್ನು ಕಾಕಾ ಅವತ್ತು ಕಂಡರು. "ದುಡಿಯೂ ಸ್ನಾಯು ಅಷ್ಟ ಉಬ್ಬಬೇಕು, ಉಳದದ್ದು ಮೆತ್ತಗ ಇರಬೇಕು. ಗಡ್ಡದಜ್ಜ ಬಡಕೊಂಡಿದ್ದ, ಎಲ್ಲಾ ಉಬ್ಬಿಸಿದ್ರ ಅಕ್ರೋಟಿನ ಚೀಲ ಆಕ್ಕತಿ ಅಂತ. ಓದಿದ್ದೆ, ತಲಿಗೆ ಹೋಗಿರಲಿಲ್ಲ."

ಯುಗಾದಿಯ ದಿನ, ಹೊಸದಾಗಿ ಬರೆದ ಪೈಲ್ವಾನನನ್ನು ಕಂಡು ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಒಬ್ಬರು ಕುರ್ಚಿಯನ್ನು ಎರಡಡಿ ಹಿಂದೆ ಸರಿಸಿಕೊಂಡರು, ಗದೆ ಮೇಲೆ ಬೀಳುತ್ತದೆಂದು. ಕಾಕಾಗೆ ಅದೇ ಸಾಕಾಯಿತು.

ಆದರೆ ಹಂಬಲ ಪೂರ್ತಿ ತೀರಲಿಲ್ಲ. "ಪ್ಲಾಸ್ಟಿಕ್ಕು ಕಟಕ್ ಅನ್ನೂದಿಲ್ಲ" ಅನ್ನುತ್ತಿದ್ದರು. ಆ ಫಾರಮ್ಮು ಟಿ.ವಿ. ಹಿಂದೆ ವರ್ಷಗಟ್ಟಲೆ ಇತ್ತು. ಒಂದು ದಿನ ತುಂಬಿ, ಸಾಕ್ಷಿಗೆ ನನ್ನ ಸಹಿ ಹಾಕಿಸಿದರು. ಕಾಕು ಸಿಟ್ಟಾದರು. "ನಮ್ಮೊಳಗ ಸತ್ತವರನ್ನ ಕುಂದ್ರಿಸಿ ಮಣ್ಣು ಕೊಡ್ತಾರ. ಇವರನ್ನ ಹುಡುಗೂರು ಟೇಬಲ್ ಮ್ಯಾಲ ಅಂಗಾತ ಹಾಕ್ತಾವು." ಇಬ್ಬರೂ ನಾಲ್ಕು ದಿನ ಮಾತು ಬಿಟ್ಟರು.

ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ನರ್ಸು ಸಲೈನ್ ಚೀಲ ತೂಗುಹಾಕಲು ಕೈ ಎತ್ತಿದಾಗ ಕಾಕಾನ ಕಣ್ಣು ಅರಳಿತು. "ನೋಡು, ಹಲಗಿ ತಿರುಗ್ತು." ಆಮೇಲೆ ಗಡ್ಡದಜ್ಜನ ಒಂದು ಸಂಗತಿ ಹೇಳಿದರು. ಆಸ್ಪತ್ರೆಯಲ್ಲಿ ನೂರು ವರ್ಷದ ಮುದುಕನೊಬ್ಬ ಅವನ ಜೊತೆ ಮಾತಾಡುತ್ತಾ, ನಿಶ್ಶಕ್ತಿ ಬಿಟ್ಟರೆ ನನಗೇನೂ ನೋವಿಲ್ಲ ಎಂದು, ಹಾಸಿಗೆಯ ಮೇಲೆ ಕೂತಂತೆಯೇ ಪ್ರಾಣ ಬಿಟ್ಟನಂತೆ. ಇಷ್ಟು ಸುಖದ ಸಾವು ಹೇಗೆ ಬಂತೆಂದು ನೋಡಲು ಗಡ್ಡದಜ್ಜ ಅವನನ್ನೇ ಕೊಯ್ದನಂತೆ. "ಪಾಪ, ಆ ಮುದುಕಗ ಗೊತ್ತಿರಲಿಲ್ಲ" ಅಂದರು ಕಾಕಾ. "ನನಗ ಗೊತ್ತೈತಿ. ಅಷ್ಟ ಫರಕು." ಕಾಕು ಕಿಟಕಿಯ ಕಡೆ ತಿರುಗಿ ನಿಂತರು.

ಮೂರನೆಯ ದಿನ ಕಾಕಾ ಹೋದರು. ಕಾಲೇಜಿಗೆ ಫೋನ್ ಮಾಡಬೇಕೋ ಬೇಡವೋ ಎಂದು ನಾನು ಕಾಕುವಿನ ಮುಖ ನೋಡಿದೆ. ಅವರು ಫೋನನ್ನು ನನ್ನ ಕಡೆ ಸರಿಸಿ, "ಮಾಡು" ಅಂದರು. ಹೀಗೆ ದಾನ ಕೊಟ್ಟ ದೇಹವನ್ನು ಕಾಲೇಜಿನವರು ಒಲ್ಲೆ ಎನ್ನುವುದೂ ಉಂಟು. ಇವರನ್ನು ಒಪ್ಪಿದರು. ಅರ್ಧ ತಾಸು ಒಳಗೆ ಬಿಡದ ಜಾಗಕ್ಕೆ ಈಗ ಗಾಡಿ ಕಳಿಸಿ ಕರೆಸಿಕೊಂಡರು.

ಗಾಡಿಯವನು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟಿದ್ದ. ಇಪ್ಪತ್ತು ವರ್ಷದಲ್ಲಿ ಬ್ರೆಡ್ಡಿನಂಗಡಿಯಲ್ಲಿ ಬಿಟ್ಟರೆ ಎಲ್ಲೂ ಇಂಗ್ಲಿಷ್ ಆಡದ ಕಾಕು, ಅವನ ತೋಳು ಹಿಡಿದು ನಿಲ್ಲಿಸಿದರು. "ಲೆಫ್ಟ್ ಶೋಲ್ಡರ್" ಅಂದರು. "ಫಸ್ಟ್ ಲೆಫ್ಟ್ ಶೋಲ್ಡರ್ ನೋಡಾಕ ಹೇಳು. ಕಟಕ್ ಅಂತೈತಿ." ಅವನಿಗೆ ಎಷ್ಟು ತಿಳಿಯಿತೋ. ಜೇಬಿನಿಂದ ಪೆನ್ನು ತೆಗೆದು, ಕಾಗದದ ಮೂಲೆಯಲ್ಲಿ ಬರೆದುಕೊಂಡ.